‘ಮನೆ ಇನ್ನೂ ಖಾಲಿ ಇದೆಯಾ?’ ಅಂದವರಿಗೆ ಒಂದೇ ನಿಮಿಷದಲ್ಲಿ ಸರಿಯಾದ ಉತ್ತರ

ಪೋರ್ಟಲಿನಲ್ಲಿ ಬಾಡಿಗೆ ಮನೆ ಹಾಕಿದ ಮೇಲೆ ಬರುವ ಮೆಸೇಜುಗಳನ್ನು ಒಂದು ವಾರ ಗಮನಿಸಿ. ನೀರು ಹೇಗೆ, ಪಾರ್ಕಿಂಗ್ ಇದೆಯಾ ಅನ್ನುವುದೆಲ್ಲ ಆಮೇಲೆ. ಎಲ್ಲಕ್ಕಿಂತ ಮೊದಲು ಬರುವುದು ಒಂದೇ ಪ್ರಶ್ನೆ: ‘ಈ ಮನೆ ಇನ್ನೂ ಇದೆಯಾ?’ ಕೇಳುವವರಿಗೆ ಅದು ಬರೀ ಒಂದು ಬಟನ್. ಮೆಟ್ರೋದಲ್ಲಿ ನಿಂತುಕೊಂಡೇ ಆರೇಳು ಮನೆಗೆ ಒತ್ತಿರುತ್ತಾರೆ. ನೀವು ಎರಡು ಗಂಟೆ ಬಿಟ್ಟು ‘ಹೌದು ಇದೆ ಸರ್’ ಅಂದರೆ ಯಾವ ಮನೆ ಅಂತ ಅವರಿಗೇ ನೆನಪಿರುವುದಿಲ್ಲ. ಅಷ್ಟರಲ್ಲಿ ಬೇರೆ ಏಜೆಂಟ್ ಜೊತೆ ಸಂಜೆಗೆ ಟೈಮ್ ಫಿಕ್ಸ್ ಮಾಡಿಕೊಂಡಿರುತ್ತಾರೆ.

ನಾನು ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಕಡೆ ಬಾಡಿಗೆ ಮನೆ ತೋರಿಸುವವನು. ದಿನದ ಅರ್ಧ ಗಾಡಿ ಮೇಲೆ, ಇನ್ನರ್ಧ ಯಾರದ್ದೋ ಅಡುಗೆಮನೆಯ ನಲ್ಲಿ ತಿರುಗಿಸಿ ತೋರಿಸುತ್ತಾ ಕಳೆಯುತ್ತದೆ. ಕೂತು ಟೈಪ್ ಮಾಡಲು ಪುರುಸೊತ್ತಿಲ್ಲ. ಹಾಗಾಗಿ ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಂಡಿದ್ದೇನೆ. ಆದರೆ ಬರೆದಿಟ್ಟ ಉತ್ತರವೇ ಒಮ್ಮೆ ನನ್ನ ಮಾನ ತೆಗೆದಿತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಓನರ್, ಆಮೇಲೆ ಉತ್ತರ

ಒಂದು ಶನಿವಾರ ಗಂಡ ಹೆಂಡತಿ, ಚಿಕ್ಕ ಮಗು ಎತ್ತಿಕೊಂಡು, ಎಲೆಕ್ಟ್ರಾನಿಕ್ ಸಿಟಿಯಿಂದ ಬಸ್ಸು, ಮೆಟ್ರೋ ಬದಲಾಯಿಸಿಕೊಂಡು ವಿಜಯನಗರಕ್ಕೆ ಬಂದರು. ಬೆಳಿಗ್ಗೆ ನಾನೇ ‘ಹೌದು, ಖಾಲಿ ಇದೆ, ಬನ್ನಿ’ ಅಂತ ರೆಡಿ ಉತ್ತರ ಒತ್ತಿದ್ದೆ. ಗೇಟಿನ ಹತ್ತಿರ ಹೋದರೆ ಓನರ್ ನಗುತ್ತಾ, ‘ನಿನ್ನೆ ರಾತ್ರಿನೇ ಟೋಕನ್ ತಗೊಂಡ್ಬಿಟ್ನಲ್ಲಪ್ಪ, ನಮ್ಮ ತಂಗಿ ಕಡೆಯವರು’ ಅಂದರು. ನನ್ನ ಡೈರಿಯಲ್ಲಿ ‘ಖಾಲಿ’ ಅಂತ ಬರೆದು ಆರು ದಿನ ಆಗಿತ್ತು. ಆ ಗಂಡಸು ಏನೂ ಅನ್ನಲಿಲ್ಲ. ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ವಾಪಸ್ ಹೊರಟರು.

ತಪ್ಪು ಮೆಸೇಜಿನದಲ್ಲ. ಮೆಸೇಜ್ ಹೊಸದು, ಅದರ ಹಿಂದಿನ ಸುದ್ದಿ ಹಳೆಯದು. ಹಾಗಾಗಿ ಮೊದಲ ಕೆಲಸ ಖಾಲಿ ಪಟ್ಟಿ. ಒಂದು ಡೈರಿಯ ಪುಟ ಸಾಕು. ಮೂರೇ ಕಾಲಂ: ಮನೆಗೆ ನೀವಿಟ್ಟ ಗುರುತು, ಈಗಿನ ಸ್ಥಿತಿ, ಓನರ್ ಅದನ್ನು ಹೇಳಿದ ದಿನ ಮತ್ತು ಹೊತ್ತು. ಮೂರನೆಯ ಕಾಲಂ ಬರೆಯಲು ಬೇಜಾರಾಗುತ್ತದೆ, ಆದರೆ ಅದಿಲ್ಲದಿದ್ದರೆ ಮೊದಲ ಎರಡು ಇದ್ದೂ ಇಲ್ಲದ ಹಾಗೆ. ನನ್ನ ಲೆಕ್ಕದಲ್ಲಿ ‘ಇದೆ’ ಅನ್ನುವ ಮಾತಿನ ಆಯಸ್ಸು ಒಂದು ದಿನ. ಶನಿವಾರ, ಭಾನುವಾರ ಅರ್ಧ ದಿನ ಅಂದುಕೊಳ್ಳಿ, ಯಾಕೆಂದರೆ ಜನ ಮನೆ ನೋಡಲು ಹೊರಡುವುದೇ ಆ ಎರಡು ದಿನ.

ಎಲ್ಲ ಓನರಿಗೂ ದಿನಾ ಫೋನ್ ಮಾಡಿದರೆ ಅವರಿಗೂ ಕಿರಿಕಿರಿ. ನಾನು ಬೆಳಿಗ್ಗೆ 9 ಗಂಟೆಗೆ ಇದೊಂದನ್ನು ಕಳಿಸುತ್ತೇನೆ:

> ನಮಸ್ಕಾರ ಸರ್. ಎರಡನೇ ಮಹಡಿ ಮನೆ ಇವತ್ತೂ ಖಾಲಿ ತಾನೇ? ಯಾರಾದ್ರೂ ಟೋಕನ್ ಕೊಟ್ಟಿದ್ರೆ ಒಂದು ಮಾತು ಹೇಳಿಬಿಡಿ. ಸುಮ್ನೆ ಜನರನ್ನ ಕರ್ಕೊಂಡು ಬಂದು ನಿಮಗೆ ತೊಂದರೆ ಕೊಡಲ್ಲ.

ಕೊನೆಯ ಸಾಲು ಕೆಲಸ ಮಾಡುತ್ತದೆ. ಮಧ್ಯಾಹ್ನ ನಿದ್ದೆ ಹೊತ್ತಿಗೆ ಬೆಲ್ ಹೊಡೆಸಿಕೊಳ್ಳುವುದು ಯಾವ ಓನರಿಗೂ ಬೇಡ. ಹತ್ತೂವರೆ ಒಳಗೆ ಉತ್ತರ ಬರದಿದ್ದರೆ ಆಗ ಫೋನ್ ಮಾಡಿ.

ಕೆಲವರು ಟೋಕನ್ ತಗೊಂಡೂ ‘ಇಲ್ಲ ಇಲ್ಲ, ಕರ್ಕೊಂಡು ಬನ್ನಿ’ ಅನ್ನುತ್ತಾರೆ. ಜಾಸ್ತಿ ಕೊಡುವವರು ಸಿಕ್ಕರೆ ನೋಡೋಣ ಅಂತ. ಇದನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟ ಇಲ್ಲ. ಎಷ್ಟು ಗಂಟೆಗೆ ಬರಲಿ ಅಂತ ನೀವು ಕೇಳಿದರೆ ‘ಅವರು ಎಷ್ಟು ಕೊಡ್ತಾರಂತೆ?’ ಅಂತ ಅವರು ಕೇಳುತ್ತಾರೆ. ಕೀ ಕೇಳಿದರೆ ನಾಳೆ ಅನ್ನುತ್ತಾರೆ. ಅಂಥ ಮನೆ ಮುಂದೆ ನಾನು ‘ಡೌಟು’ ಅಂತ ಬರೆದು, ಅವರ ಬಾಯಿಂದ ಸರಿಯಾದ ಮಾತು ಬರುವವರೆಗೆ ಯಾರನ್ನೂ ಕಳಿಸುವುದಿಲ್ಲ.

ಖಾಲಿ ಇದ್ದರೆ ಏನು ಬರೆಯಬೇಕು

ಒಂದು ಮನೆಯನ್ನೇ ಉದಾಹರಣೆಗೆ ಹಿಡಿಯೋಣ. ವಿಜಯನಗರದಲ್ಲಿ 2 ಬಿಎಚ್‌ಕೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಬಾಡಿಗೆ 24,000 ರೂಪಾಯಿ. ★ ಇರುವ ಕಡೆ ಕಳಿಸುವಾಗ ಹೆಸರೋ ದಿನವೋ ಹೊತ್ತೋ ತುಂಬಿಕೊಳ್ಳಬೇಕು.

> ನಮಸ್ಕಾರ ★ ಅವರೇ. ಹೌದು, ವಿಜಯನಗರದ 2 ಬಿಎಚ್‌ಕೆ ಖಾಲಿ ಇದೆ, ಇವತ್ತು ಬೆಳಿಗ್ಗೆ ಓನರನ್ನ ಕೇಳಿದ್ದೇನೆ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಬೈಕ್ ಪಾರ್ಕಿಂಗ್ ಮಾತ್ರ. ಬಾಡಿಗೆ 24,000, ಮೇಂಟೆನೆನ್ಸ್ 1,500 ಬೇರೆ, ಅಡ್ವಾನ್ಸ್ 1,50,000. ನನ್ನ ಕಮಿಷನ್ ಒಂದು ತಿಂಗಳ ಬಾಡಿಗೆ, ಅಗ್ರಿಮೆಂಟ್ ಆದ ಮೇಲೆ. ★ ಸಂಜೆ 6ಕ್ಕೆ ಅಥವಾ ★ ಬೆಳಿಗ್ಗೆ 10ಕ್ಕೆ ತೋರಿಸಬಹುದು. ಯಾವುದು ಆಗುತ್ತೆ?

ಅವರು ಕೇಳಿದ್ದು ಇದೆಯಾ ಅಂತ. ಹಾಗಾಗಿ ನಮಸ್ಕಾರ ಆದ ಕೂಡಲೇ ‘ಹೌದು’ ಬರಬೇಕು. ‘ನಮ್ಮಲ್ಲಿ ಸಂಪರ್ಕಿಸಿದ್ದಕ್ಕೆ ಧನ್ಯವಾದ’ ಅಂತ ಶುರು ಮಾಡಿದರೆ ಫೋನಿನ ನೋಟಿಫಿಕೇಶನ್‌ನಲ್ಲಿ ಕಾಣುವ ಮೊದಲ ಸಾಲು ಪೂರ್ತಿ ಅದಕ್ಕೇ ಹೋಗುತ್ತದೆ. ಯಾವ ಮನೆ ಅನ್ನುವುದೂ ಅದೇ ಸಾಲಿನಲ್ಲಿ ಇರಲಿ.

ಲಿಫ್ಟ್ ಇಲ್ಲ, ಕಾರಿಗೆ ಜಾಗ ಇಲ್ಲ ಅನ್ನುವುದನ್ನು ಮೊದಲ ಮೆಸೇಜಿನಲ್ಲೇ ಹಾಕಿದ್ದೇನೆ, ನೋಡಿ. ಹೊಸ ಹುಡುಗರು ಇದನ್ನು ಮುಚ್ಚಿಡುತ್ತಾರೆ. ಮಂಡಿ ನೋವಿರುವ ಅಮ್ಮನನ್ನು ಮೆಟ್ಟಿಲ ಬುಡದವರೆಗೂ ಕರೆದುಕೊಂಡು ಬಂದ ಮೇಲೆ ಅದು ಹೇಗಿದ್ದರೂ ಗೊತ್ತಾಗುತ್ತದೆ. ಆಗ ನಿಮ್ಮದೊಂದು ಗಂಟೆ, ಅವರದೊಂದು ಭಾನುವಾರ, ಎರಡೂ ಹೋದವು. ಕಮಿಷನ್ ವಿಷಯವೂ ಹಾಗೇ. ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆ ಅನ್ನುವುದು ಹೆಚ್ಚಿನ ಕಡೆ ನಡೆಯುವ ಮಾತು, ಆದರೂ ಕೇಳುವವರಿಗೆ ಅದು ಗೊತ್ತಿರುತ್ತದೆ ಅಂತ ಅಂದುಕೊಳ್ಳಬೇಡಿ. ಮೊದಲೇ ಹೇಳಿದ್ದಕ್ಕೆ ಕೆಲವರು ಸುಮ್ಮನಾಗುತ್ತಾರೆ, ನಿಜ. ಅವರು ಅಗ್ರಿಮೆಂಟ್ ದಿನ ಜಗಳ ಮಾಡುವುದಕ್ಕಿಂತ ಇವತ್ತೇ ಸುಮ್ಮನಾಗುವುದು ನನಗೆ ಲಾಭ.

‘ಯಾವಾಗ ಬರ್ತೀರಾ?’ ಅಂತ ಕೇಳಿದರೆ ‘ನೋಡಿ ಹೇಳ್ತೀನಿ’ ಅನ್ನುತ್ತಾರೆ. ಎರಡು ಹೊತ್ತು ಕೊಟ್ಟು ಯಾವುದು ಅಂತ ಕೇಳಿದರೆ ಒಂದನ್ನು ಹೇಳುತ್ತಾರೆ, ಇಲ್ಲವೇ ಮೂರನೆಯದನ್ನು ಕೇಳುತ್ತಾರೆ. ಕೊನೆಯಲ್ಲಿ ಪ್ರಶ್ನೆ ಒಂದೇ ಇರಲಿ. ಎಷ್ಟು ಜನ, ಎಲ್ಲಿ ಕೆಲಸ, ಯಾವಾಗ ಶಿಫ್ಟ್ ಅಂತ ಒಟ್ಟಿಗೆ ಕೇಳಿದರೆ ಫಾರ್ಮ್ ತುಂಬಿಸಿದ ಹಾಗೆ ಅನ್ನಿಸಿ ಅದನ್ನು ಅಲ್ಲಿಗೇ ಬಿಡುತ್ತಾರೆ.

ಹೆಸರಿನ ಬಗ್ಗೆ ಒಂದು ಮಾತು. ಪೋರ್ಟಲಿನಿಂದ ಬರುವ ಹೆಸರು ನೋಡಿ ಸರ್ರೋ ಮೇಡಮ್ಮೋ ಅಂತ ಊಹೆ ಮಾಡಬೇಡಿ, ‘ಅವರೇ’ ಸಾಕು. ಬರೀ `User` ಅಂತಲೋ ನಂಬರ್ ಮಾತ್ರವೋ ಬಂದಿದ್ದರೆ ಹೆಸರನ್ನೇ ಬಿಟ್ಟು ‘ನಮಸ್ಕಾರ’ ಅಂದರೆ ಆಯಿತು.

ಮನೆ ನಂಬರ್, ಲೊಕೇಶನ್, ಓನರ್ ನಂಬರ್ ಈ ಮೆಸೇಜಿನಲ್ಲಿ ಬರಕೂಡದು. ಕಮಿಷನ್ ತಪ್ಪಿಹೋಗುತ್ತದೆ ಅನ್ನುವ ಭಯ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ. ಇನ್ನೊಂದು ಕಾರಣ ದೊಡ್ಡದು. ಖಾಲಿ ಮನೆಯ ವಿಳಾಸವನ್ನು ಗುರುತಿಲ್ಲದ ನಂಬರಿಗೆ ಕಳಿಸುವುದು ಸರಿಯಲ್ಲ. ಹೊತ್ತು ಗೊತ್ತಾದ ಮೇಲೆ ಮೆಟ್ರೋ ಸ್ಟೇಷನ್ ಹತ್ತಿರವೋ ದೊಡ್ಡ ಅಂಗಡಿ ಮುಂದೆಯೋ ಸಿಗೋಣ ಅಂತ ಲೊಕೇಶನ್ ಕಳಿಸಿ.

ಟೋಕನ್ ಆಗಿದ್ದರೆ, ಹೋಗಿದ್ದರೆ, ಗೊತ್ತಿಲ್ಲದಿದ್ದರೆ

ಟೋಕನ್ ಆದ ಮನೆ ಇದೆಯೂ ಅಲ್ಲ, ಹೋಯಿತೂ ಅಲ್ಲ. ಹೆಚ್ಚು ಜನ ಏಜೆಂಟರು ಎಡವುವುದು ಇಲ್ಲೇ. ‘ಇದೆ ಬನ್ನಿ’ ಅಂತ ಕರೆದು ಅಲ್ಲಿಂದ ಬೇರೆ ಮನೆಗೆ ಎಳೆದುಕೊಂಡು ಹೋಗುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ:

> ನಮಸ್ಕಾರ ★ ಅವರೇ. ಈ ಮನೆಗೆ ★ ದಿನ ಒಬ್ಬರು ಟೋಕನ್ ಕೊಟ್ಟಿದ್ದಾರೆ, ಅಗ್ರಿಮೆಂಟ್ ★ ಇದೆ. ಅಲ್ಲಿಯವರೆಗೆ ತೋರಿಸಲು ಆಗಲ್ಲ. ಅದು ಮುರಿದರೆ ನಿಮಗೆ ಹೇಳಲಾ?

‘ಹೇಳಿ’ ಅಂದವರ ಹೆಸರನ್ನು ಕೇಳಿದ ಸರದಿಯಲ್ಲೇ ಬರೆದಿಡಿ. ಟೋಕನ್ ಮುರಿಯುವುದು ಅಪರೂಪ ಏನಲ್ಲ. ಮಗ ನೋಡಿ ಒಪ್ಪಿದ ಮನೆಯನ್ನು ಊರಿಂದ ಬಂದ ಅಪ್ಪ ಬಾಗಿಲ ದಿಕ್ಕು ನೋಡಿ ಬೇಡ ಅನ್ನುತ್ತಾರೆ.

ಹೋದ ಮನೆಗೆ ಉತ್ತರ ಇನ್ನೂ ಚಿಕ್ಕದು:

> ನಮಸ್ಕಾರ ★ ಅವರೇ. ಈ ಮನೆ ★ ಹೋಯ್ತು, ಪೋರ್ಟಲಿನಿಂದ ತೆಗೀತಿದ್ದೇನೆ. ಅದೇ ಬಜೆಟ್‌ನಲ್ಲಿ ಬಸವೇಶ್ವರನಗರದಲ್ಲಿ ಒಂದು 2 ಬಿಎಚ್‌ಕೆ ಇದೆ, ಮೊದಲ ಮಹಡಿ, 25,000. ವಿಡಿಯೋ ಕಳಿಸಲಾ?

ಬೇರೆ ಮನೆ ಒಂದೇ ಹೇಳಿ. ಐದು ಲಿಂಕ್ ಕಳಿಸಿದರೆ ಒಂದನ್ನೂ ತೆರೆಯುವುದಿಲ್ಲ. ಹೊಂದುವ ಮನೆ ಇಲ್ಲದಿದ್ದರೆ ಆ ಸಾಲನ್ನೇ ಅಳಿಸಿ. 24,000ದವರಿಗೆ 32,000ದ ಮನೆ ತೋರಿಸುವುದು ಉಪಕಾರ ಅಲ್ಲ. ‘ತೆಗೀತಿದ್ದೇನೆ’ ಅಂದ ಮೇಲೆ ನಿಜವಾಗಲೂ ತೆಗೆಯಿರಿ. ಫೋಟೋ ಚೆನ್ನಾಗಿದೆ, ಫೋನ್ ಬರ್ತಾ ಇರಲಿ ಅಂತ ಹೋದ ಮನೆಯನ್ನು ಪೋರ್ಟಲಿನಲ್ಲೇ ಉಳಿಸಿಕೊಳ್ಳುವವರು ನಮ್ಮಲ್ಲಿ ತುಂಬಾ ಜನ. ಪೋರ್ಟಲಿನಲ್ಲಿರುವುದೆಲ್ಲ ಸುಳ್ಳು ಅಂತ ಜನ ಮೊದಲೇ ಅಂದುಕೊಂಡು ಬರುವುದಕ್ಕೆ ಅವರೇ ಕಾರಣ.

ಇನ್ನು ಓನರ್ ಫೋನ್ ಎತ್ತುತ್ತಿಲ್ಲ, ಡೈರಿಯಲ್ಲಿರುವುದು ನಿನ್ನೆಯ ಮಾತು. ಆಗ ಹೀಗೆ:

> ನಮಸ್ಕಾರ ★ ಅವರೇ. ವಿಜಯನಗರದ 2 ಬಿಎಚ್‌ಕೆ ನಿನ್ನೆಯವರೆಗೆ ಖಾಲಿ ಇತ್ತು. ಓನರನ್ನ ಕೇಳಿ ಮಧ್ಯಾಹ್ನ ★ ಗಂಟೆ ಒಳಗೆ ಹೇಳ್ತೀನಿ.

ಹೊತ್ತು ಬರೆದ ಮೇಲೆ ಅಲಾರಂ ಇಟ್ಟುಕೊಳ್ಳಿ. ಓನರ್ ಸಿಗದಿದ್ದರೂ ಆ ಹೊತ್ತಿಗೆ ‘ಇನ್ನೂ ಸಿಕ್ಕಿಲ್ಲ’ ಅಂತ ಹೇಳಿ.

ಫೋನಿನಲ್ಲಿ ಇಟ್ಟುಕೊಳ್ಳುವ ರೀತಿ

ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ `Business tools` ಒಳಗೆ `Quick replies` ಅಂತ ಇದೆ. ಅಲ್ಲಿ ಮೆಸೇಜ್ ಬರೆದು, ಅದಕ್ಕೊಂದು ಚಿಕ್ಕ ಶಾರ್ಟ್‌ಕಟ್ ಕೊಟ್ಟು ಸೇವ್ ಮಾಡಬೇಕು. ಆಮೇಲೆ ಚಾಟ್‌ನಲ್ಲಿ `/` ಒತ್ತಿದರೆ ಪಟ್ಟಿ ಬರುತ್ತದೆ. ಒಟ್ಟು 50 ಇಟ್ಟುಕೊಳ್ಳಬಹುದು.

ನಾನು ಮೊದಲು ಮಾಡಿದ ತಪ್ಪು ಏನು ಗೊತ್ತಾ? ಶಾರ್ಟ್‌ಕಟ್ಟುಗಳನ್ನು ಉತ್ತರದ ಹೆಸರಲ್ಲಿ ಇಟ್ಟಿದ್ದೆ: ಇದೆ, ಟೋಕನ್, ಹೋಯ್ತು. ಒತ್ತುವ ಹೊತ್ತಿಗೆ ಯಾವ ಮನೆ ಯಾವ ಸ್ಥಿತಿಯಲ್ಲಿದೆ ಅಂತ ನಾನೇ ನೆನಪಿಟ್ಟುಕೊಳ್ಳಬೇಕಿತ್ತು. ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿಕೊಂಡು ಒತ್ತುವವನಿಗೆ ಅದೆಲ್ಲಿ ನೆನಪಾಗುತ್ತದೆ. ಈಗ ಶಾರ್ಟ್‌ಕಟ್ ಮನೆಯ ಹೆಸರಲ್ಲಿದೆ:

```
/vn2
/bsn1
/rjn3
```

`/vn2` ಅಂದರೆ ವಿಜಯನಗರದ ಆ ಮನೆ. ಒಳಗೆ ಯಾವತ್ತೂ ಒಂದೇ ಉತ್ತರ, ಇವತ್ತಿನದು. ಬೆಳಿಗ್ಗೆ ಓನರ್ ‘ಇದೆ’ ಅಂದರೆ ಹಾಗೇ ಬಿಡುತ್ತೇನೆ. ‘ಟೋಕನ್ ಆಯ್ತು’ ಅಂದರೆ ಆಗಲೇ `/vn2` ತೆರೆದು ಒಳಗಿನ ಮಾತು ಬದಲಿಸುತ್ತೇನೆ. ಆಮೇಲೆ ದಿನವಿಡೀ ಯೋಚನೆ ಮಾಡದೆ ಒತ್ತಿದರೂ ತಪ್ಪು ಉತ್ತರ ಹೋಗುವುದಿಲ್ಲ. ಮೇಲಿನ ನಾಲ್ಕು ಉತ್ತರಗಳು ಅಚ್ಚಿನ ಹಾಗೆ, ಫೋನಿನ ನೋಟ್ಸ್‌ನಲ್ಲಿರುತ್ತವೆ. ಅಲ್ಲಿಂದ ಕಾಪಿ ಮಾಡಿ ಮನೆಯ ವಿವರ ತುಂಬುವುದು. ಇಂಗ್ಲಿಷ್, ಹಿಂದಿಯಲ್ಲಿ ಕೇಳುವವರೇ ಜಾಸ್ತಿ ಇರುವ ಏರಿಯಾ ಆದರೆ `/vn2e`, `/vn2h` ಅಂತ ಇನ್ನೆರಡು. ಬದಲಿಸುವಾಗ ಮೂರನ್ನೂ ಬದಲಿಸಬೇಕು. ಅದು ಮರೆತುಹೋಗುತ್ತೆ ಅನ್ನಿಸಿದರೆ ಒಂದೇ ಭಾಷೆ ಇಟ್ಟುಕೊಳ್ಳುವುದೇ ವಾಸಿ.

ಶಾರ್ಟ್‌ಕಟ್ ಒತ್ತಿದ ಕೂಡಲೇ ಮೆಸೇಜ್ ಹೋಗಿಬಿಡುವುದಿಲ್ಲ, ಮೊದಲು ಟೈಪ್ ಮಾಡುವ ಜಾಗಕ್ಕೆ ಬರುತ್ತದೆ. ಹೆಸರು, ದಿನ ತುಂಬುವುದು ಆಗ. ಖಾಲಿ ಜಾಗಕ್ಕೆ ನಾನು ನಕ್ಷತ್ರ ಹಾಕುವುದಕ್ಕೂ ಕಾರಣ ಇದೆ. ಮೊದಲು ಗೆರೆ ಎಳೆದಿದ್ದೆ, ಅದು ಕಣ್ಣಿಗೇ ಬೀಳದೆ ‘ನಮಸ್ಕಾರ ___ ಅವರೇ’ ಅಂತ ಒಂದಿಬ್ಬರಿಗೆ ಹೋಗಿತ್ತು.

ಅದೇ ಆ್ಯಪ್‌ನಲ್ಲಿ `Greeting message` ಅಂತ ಇದೆ. ಹೊಸಬರು ಮೆಸೇಜ್ ಮಾಡಿದರೆ, ಅಥವಾ 14 ದಿನ ಮಾತಿಲ್ಲದೆ ಮತ್ತೆ ಮಾಡಿದರೆ, ತಾನಾಗಿ ಹೋಗುತ್ತದೆ. ಅದರಲ್ಲಿ ‘ಮನೆ ಲಭ್ಯವಿದೆ’ ಅಂತ ಮಾತ್ರ ಬರೆಯಬೇಡಿ. ಯಾವ ಮನೆ ಕೇಳಿದ್ದಾರೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ರಾತ್ರಿ ಹೊತ್ತಿಗೆ `Away message` ಸಾಕು: ‘ಮೆಸೇಜ್ ಸಿಕ್ಕಿದೆ. ಓನರನ್ನ ಕೇಳಿ ಬೆಳಿಗ್ಗೆ 11ರ ಒಳಗೆ ಹೇಳ್ತೀನಿ.’

ಮಾರಾಟದ ಮನೆಗೂ ಇದೇ ದಾರಿ. ಅಲ್ಲಿ ‘ಇದೆಯಾ’ ಆದ ಮೇಲಿನ ಪ್ರಶ್ನೆ ಇ-ಖಾತಾದ್ದಾಗಿರುತ್ತದೆ, ಅದನ್ನೂ ಉತ್ತರದಲ್ಲೇ ಸೇರಿಸಿ. ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಫ್ಲ್ಯಾಟ್ ಮಾರಿಸುವ ಏಜೆಂಟ್ ತಾನೂ ರೇರಾದಲ್ಲಿ ನೋಂದಾಯಿಸಿರಬೇಕು. ಆ ನಂಬರ್ ಮೆಸೇಜಿನ ಕೊನೆಯಲ್ಲಿರಲಿ.

ಒಂದು ಶನಿವಾರ, `/vn2` ಜೊತೆ

ಬೆಳಿಗ್ಗೆ 9:20ಕ್ಕೆ ಓನರ್ ‘ಖಾಲಿ’ ಅಂದರು. 10:40ಕ್ಕೆ ಪೋರ್ಟಲಿನಿಂದ ಒಬ್ಬರ ಮೆಸೇಜ್. ನಾನು ರಾಜಾಜಿನಗರದಲ್ಲಿ ಇನ್ನೊಬ್ಬರಿಗೆ ಮನೆ ತೋರಿಸುತ್ತಿದ್ದೆ. `/vn2` ಒತ್ತಿ, ಹೆಸರು ಹಾಕಿ, ‘ಇವತ್ತು’, ‘ನಾಳೆ’ ತುಂಬಿ ಕಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಅವರ ಮುಂದಿನ ಪ್ರಶ್ನೆ: ‘ಬ್ಯಾಚುಲರ್ಸ್ ಓಕೆನಾ?’ ಇದಕ್ಕೂ ಒಂದು ಉತ್ತರ ಇಟ್ಟಿದ್ದೇನೆ. ‘ಒಟ್ಟು ಎಷ್ಟು ಜನ ಇರ್ತೀರಾ, ಯಾವಾಗ ಶಿಫ್ಟ್ ಅಂತ ಹೇಳಿ, ಓನರನ್ನ ಕೇಳಿ ಹೇಳ್ತೀನಿ’ ಅಂತ. ಜಾತಿ, ಧರ್ಮ ನನ್ನ ಯಾವ ಉತ್ತರದಲ್ಲೂ ಇಲ್ಲ, ಕೇಳು ಅಂದ ಓನರಿಗೂ ನಾನು ಕೇಳಲ್ಲ ಅಂದಿದ್ದೇನೆ. ಅವರು ಅಣ್ಣ ತಮ್ಮ ಇಬ್ಬರೇ, ಮುಂದಿನ ತಿಂಗಳು ಅಮ್ಮ ಬರುತ್ತಾರೆ ಅಂದರು. ಓನರ್ ಒಪ್ಪಿದರು.

ಆಮೇಲೆ ‘ಲಾಸ್ಟ್ ಎಷ್ಟು?’ ಬಂತು. ಮನೆ ನೋಡದೆ ಚೌಕಾಸಿ ಶುರುವಾದರೆ ಅದು ಮುಗಿಯುವುದೇ ಇಲ್ಲ. ಹಾಗಾಗಿ ‘ಮೊದಲು ಮನೆ ನೋಡಿ. ಹಿಡಿಸಿದ್ರೆ ಓನರ್ ಎದುರೇ ಕೂತು ಕೇಳೋಣ’ ಅನ್ನುವುದನ್ನು ಕಳಿಸಿದೆ. ಕೊನೆಗೆ, ‘ಬೇರೆ ಯಾರೂ ತಗೋಬಾರ್ದು, ಈಗಲೇ ಐದು ಸಾವಿರ ಹಾಕ್ಲಾ?’ ಅಂದರು. ಬೇಡ ಅಂದೆ. ನೋಡುವ ಮುಂಚೆ ಹಣ ಹಾಕಿಸಿಕೊಂಡು ಫೋನ್ ಆಫ್ ಮಾಡುವವರು ಊರು ತುಂಬಾ ಇದ್ದಾರೆ, ನಾನು ಅವರ ಹಾಗೆ ಕಾಣಬಾರದು. ಸಂಜೆ 6 ಗೊತ್ತಾಯಿತು. ಮಧ್ಯಾಹ್ನದೊಳಗೆ ಇನ್ನೊಬ್ಬರು ಭಾನುವಾರ 10ಕ್ಕೆ ಬರುತ್ತೇನೆ ಅಂದರು.

4 ಗಂಟೆಗೆ ಓನರ್ ಫೋನ್. ಪಕ್ಕದ ಮನೆಯವರ ಪರಿಚಯದ ಹುಡುಗ ಬಂದು ಟೋಕನ್ ಕೊಟ್ಟು ಹೋದ, ಬುಧವಾರ ಅಗ್ರಿಮೆಂಟ್. ಇಂಥ ಹೊತ್ತಿನಲ್ಲಿ ರೆಡಿ ಉತ್ತರ ಮುಟ್ಟಬೇಡಿ. ಹೊತ್ತು ಕೊಟ್ಟ ಇಬ್ಬರಿಗೂ ಮೊದಲು ಫೋನ್ ಮಾಡಿದೆ. ಮೆಸೇಜನ್ನು ದಾರಿಯಲ್ಲಿ ನೋಡುತ್ತಾರೋ ಇಲ್ಲವೋ, ಬಸ್ ಹತ್ತಿಬಿಟ್ಟಿದ್ದರೆ? ಅಣ್ಣ ತಮ್ಮಂದಿರು ಅದೇ 6 ಗಂಟೆಗೆ ಬಸವೇಶ್ವರನಗರದ ಮನೆ ನೋಡಲು ಒಪ್ಪಿದರು. ಭಾನುವಾರದವರು ‘ಅದು ಮುರಿದರೆ ಹೇಳಿ’ ಅಂದರು, ಹೆಸರು ಬರೆದುಕೊಂಡೆ. ಆಮೇಲೆ ಅಲ್ಲೇ ಗಾಡಿ ಪಕ್ಕಕ್ಕೆ ಹಾಕಿ `/vn2` ಒಳಗೆ ಟೋಕನ್ ಉತ್ತರ ಕೂರಿಸಿದೆ. ಹತ್ತು ನಿಮಿಷದಲ್ಲಿ ಇನ್ನೊಂದು ಮೆಸೇಜ್, ‘ಇನ್ನೂ ಇದೆಯಾ?’ ಒತ್ತಿದೆ, ಸರಿಯಾದದ್ದೇ ಹೋಯಿತು.

ಮಂಗಳವಾರ ಆ ಹುಡುಗ ಬೇಡ ಅಂದನಂತೆ. ಬುಲೆಟ್ ಗಾಡಿ, ಪಾರ್ಕಿಂಗ್ ಸಂದಿಯಲ್ಲಿ ತಿರುಗಲ್ಲ. ನಾನು `/vn2` ಮತ್ತೆ ‘ಇದೆ’ಗೆ ಬದಲಿಸಿ, ಭಾನುವಾರದವರಿಗೆ ‘ಟೋಕನ್ ಮುರಿದಿದೆ, ನೋಡ್ತೀರಾ?’ ಅಂತ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಅವರ ಉತ್ತರ ಬಂತು: ‘ಈಗಲೂ ಇದೆಯಾ?’